ಲಿಂಕ್ ಒತ್ತಿದವರಿಗಾಗಿ ಬರೆದ ಎಚ್ಚರಿಕೆ

ನಾನು ಹುಬ್ಬಳ್ಳಿಯ ಒಂದು ವಿತರಣಾ ಕಂಪನಿಯಲ್ಲಿ ಕಂಪ್ಯೂಟರ್ ಮತ್ತು ಮೇಲ್ ವ್ಯವಸ್ಥೆ ನೋಡಿಕೊಳ್ಳುತ್ತೇನೆ. ಗದಗ ಮತ್ತು ಹಾವೇರಿಯಲ್ಲೂ ನಮ್ಮ ಶಾಖೆಗಳಿವೆ. ಜೂನ್ ತಿಂಗಳ ಒಂದು ಬೆಳಗ್ಗೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಅಕೌಂಟ್ಸ್‌ನ ಹಿರಿಯರೊಬ್ಬರಿಂದ ಈ ಮೆಸೇಜ್ ಬಂತು:

"ಎಲ್ಲಾರೂ ಕೇಳ್ರಿ!!! ನಮ್ಮ ಮೇಲ್ ಹ್ಯಾಕ್ ಆಗೈತಿ. ಫಾರ್ಮ್ 16 ಅಂತ ಒಂದು ಮೇಲ್ ಬಂದೈತಿ, ಯಾರೂ ಓಪನ್ ಮಾಡಬ್ಯಾಡ್ರಿ. ಮಾಡಿದ್ರ ಅಕೌಂಟ್ ಖಾಲಿ ಆಗ್ತೈತಿ. ಲಗೂನ ಪಾಸ್‌ವರ್ಡ್ ಚೇಂಜ್ ಮಾಡ್ರಿ. ಎಲ್ಲಾ ಗ್ರೂಪಿಗೂ ಕಳಸ್ರಿ."

ಮೆಸೇಜಿನ ಕೆಳಗೆ ಆ ಮೇಲ್‌ನಲ್ಲಿದ್ದ ಲಿಂಕ್ ಕೂಡ ಇತ್ತು. ಒತ್ತಿದರೆ ತೆರೆಯುವ ಹಾಗೆಯೇ ಇತ್ತು.

ಅವರು ಬೇಗ ಹೇಳಿದ್ದು ದೊಡ್ಡ ಉಪಕಾರ. ಇಲ್ಲದಿದ್ದರೆ ನನಗೆ ಗೊತ್ತಾಗಲು ಮಧ್ಯಾಹ್ನ ಆಗುತ್ತಿತ್ತು. ಆ ಮೇಲ್ ಕಳಿಸಿದವರು ಸಮಯವನ್ನೂ ನೋಡಿಕೊಂಡೇ ಕಳಿಸಿದ್ದರು. ಸಂಬಳದಿಂದ ಕಡಿದ ತೆರಿಗೆಯ ಲೆಕ್ಕ ತೋರಿಸುವ ಫಾರ್ಮ್ 16 ಅನ್ನು ಸಂಬಳ ಕೊಡುವವರು ಜೂನ್ 15ರೊಳಗೆ ಕೊಡಬೇಕಿತ್ತು. ಹಾಗಾಗಿ ಆ ವಾರ ಎಲ್ಲರೂ ಅದಕ್ಕೇ ಕಾಯುತ್ತಿದ್ದರು. "ನಿಮ್ಮ ಫಾರ್ಮ್ 16 ಸಿದ್ಧವಿದೆ, ಲಾಗಿನ್ ಆಗಿ ಪಡೆಯಿರಿ" ಅಂದರೆ ಯಾರಿಗೆ ಅನುಮಾನ ಬರುತ್ತದೆ?

ಮೊದಲು ಅವರಿಗೆ ಫೋನ್ ಮಾಡಿದೆ. "ಅಕ್ಕಾರ, ಛಲೋ ಆತು ಹೇಳಿದ್ದು. ಆ ಮೆಸೇಜ್ ಮಾತ್ರ ಎಲ್ಲಾರಿಗೂ ಡಿಲೀಟ್ ಆಗೂ ಹಂಗ ತೆಗೀರಿ, ನಾ ಬ್ಯಾರೆ ಹಾಕ್ತೀನಿ" ಎಂದೆ. ಅವರು ತಕ್ಷಣ ತೆಗೆದರು. ಆಮೇಲೆ ಬರೆಯಲು ಕೂತೆ.

ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡೆ: ಇದನ್ನು ಯಾರು ಓದಬೇಕು? ಮೇಲ್ ನೋಡದವರು ಹೇಗೂ ಸುರಕ್ಷಿತ. ನನಗೆ ಬೇಕಾದವರು ಆಗಲೇ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟು ಸುಮ್ನೆ ಕೂತವರು. "ಓಪನ್ ಮಾಡಿದ್ರ ಅಕೌಂಟ್ ಖಾಲಿ" ಎಂದು ಓದಿದ ಮೇಲೆ ಅಂಥವರು ಬಾಯಿ ಬಿಡುವುದಿಲ್ಲ. ಹೆದರುತ್ತಾರೆ, ನಾಚುತ್ತಾರೆ, ಮೇಲ್ ಅಳಿಸಿ ಮರೆಯಲು ನೋಡುತ್ತಾರೆ. ಆ ಹೊತ್ತಿಗೆ ಬೇರೆ ಯಾರೋ ಅವರ ಹೆಸರಲ್ಲಿ ಮೇಲ್ ಓದುತ್ತಿರುತ್ತಾರೆ.

ಹಾಗಾಗಿ ಒಂದೊಂದೇ ಮಾತು ಬದಲಿಸಿದೆ. "ಹ್ಯಾಕ್ ಆಗೈತಿ" ಎನ್ನುವುದು ಇನ್ನೂ ಗೊತ್ತಿರದ ವಿಷಯ. ಗೊತ್ತಿದ್ದದ್ದು ಒಂದು ಮೋಸದ ಮೇಲ್ ಬಂದಿದೆ ಎಂಬುದಷ್ಟೇ, ಅದನ್ನಷ್ಟೇ ಬರೆದೆ. "ಪಾಸ್‌ವರ್ಡ್ ಚೇಂಜ್ ಮಾಡ್ರಿ" ಎನ್ನುವುದು ಕೇಳಲು ಸರಿ, ಆದರೆ ಎಲ್ಲಿ ಹೋಗಿ ಮಾಡಬೇಕು? ಗಾಬರಿಯಲ್ಲಿ ಇರುವವರು ಕೈಗೆ ಸಿಕ್ಕ ಲಿಂಕನ್ನೇ ಒತ್ತುತ್ತಾರೆ. ಕೈಗೆ ಸಿಗುವುದು ಆ ಮೋಸದ ಲಿಂಕೇ ಅಲ್ವಾ. "ಎಲ್ಲಾ ಗ್ರೂಪಿಗೂ ಕಳಸ್ರಿ" ಎಂಬುದನ್ನು ಪೂರ್ತಿ ತೆಗೆದೆ. ಹಾಗೆ ಓಡಾಡುವ ಮೆಸೇಜನ್ನು ಆಮೇಲೆ ತಿದ್ದಲು ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಮೂರು ಸ್ಥಿತಿಗಳನ್ನು ಬೇರೆ ಮಾಡಿದೆ: ಮೇಲ್ ಬರೀ ತೆರೆದವರು, ಲಿಂಕ್ ಒತ್ತಿದವರು, ಪಾಸ್‌ವರ್ಡ್ ಕೊಟ್ಟವರು. ಮೂವರಿಗೂ ಅಪಾಯ ಒಂದೇ ಅಲ್ಲ. ಇಂಥ ಮೇಲ್‌ನಲ್ಲಿ ಕಳ್ಳರಿಗೆ ಬೇಕಿರುವುದು ನಕಲಿ ಪುಟದಲ್ಲಿ ಟೈಪ್ ಮಾಡುವ ಪಾಸ್‌ವರ್ಡ್. ಹೀಗಾಗಿ ನಾನು ಗ್ರೂಪಿಗೆ ಹಾಕಿದ್ದು ಇದು. ವಿಳಾಸಗಳ ಜಾಗದಲ್ಲಿ ಇಲ್ಲಿ ಮಾದರಿ ಹೆಸರು ಹಾಕಿದ್ದೇನೆ:

"ವಿಷಯ: ಫಾರ್ಮ್ 16 ಹೆಸರಿನ ಮೋಸದ ಮೇಲ್. ಬೆಳಗ್ಗೆ 10:15ರ ಮಾಹಿತಿ.

ಇಂದು ಬೆಳಗ್ಗೆ ನಮ್ಮಲ್ಲಿ ಕೆಲವರಿಗೆ 'ನಿಮ್ಮ ಫಾರ್ಮ್ 16 ಸಿದ್ಧವಿದೆ' ಎಂಬ ಮೇಲ್ ಬಂದಿದೆ. ಇದು ನಮ್ಮ ಕಂಪನಿ ಕಳಿಸಿದ್ದಲ್ಲ. ಕಳಿಸಿದ ವಿಳಾಸದ ಕೊನೆಯಲ್ಲಿ `hr-payroll[.]example` ಎಂದಿದೆ.

ಮೇಲ್ ಬರೀ ತೆರೆದಿದ್ದರೆ ಚಿಂತೆ ಬೇಡ. ಲಿಂಕ್ ಒತ್ತಬೇಡಿ, ಮೇಲ್ ಅಳಿಸಬೇಡಿ, ಯಾರಿಗೂ ಕಳಿಸಬೇಡಿ. ಲಿಂಕ್ ಒತ್ತಿದ್ದರೆ, ಏನೂ ಟೈಪ್ ಮಾಡದಿದ್ದರೂ ನನಗೆ ತಿಳಿಸಿ. ಪಾಸ್‌ವರ್ಡ್ ಅಥವಾ ಓಟಿಪಿ ಕೊಟ್ಟಿದ್ದರೆ ಈಗಲೇ ನನಗೆ ಫೋನ್ ಮಾಡಿ, ನಿಮ್ಮ ಖಾತೆಯನ್ನು ಇಲ್ಲಿಂದಲೇ ಭದ್ರ ಮಾಡುತ್ತೇನೆ. ಬ್ಯಾಂಕ್ ವಿವರ ಕೊಟ್ಟಿದ್ದು ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ. ತಿಳಿಸಿದವರನ್ನು ಯಾರೂ ಬೈಯುವುದಿಲ್ಲ.

ನಿಜವಾದ ಫಾರ್ಮ್ 16 ಅನ್ನು ಅಕೌಂಟ್ಸ್‌ನವರು ಪ್ರತಿ ವರ್ಷದಂತೆ ಕೈಗೇ ಕೊಡುತ್ತಾರೆ. ಮುಂದಿನ ಮಾಹಿತಿ ಮಧ್ಯಾಹ್ನ 1 ಗಂಟೆಗೆ."

ಇದರಲ್ಲಿ ಒಂದೂ ಲಿಂಕ್ ಇಲ್ಲ, ಅದು ಬೇಕಂತಲೇ. ಲಿಂಕ್ ಒತ್ತಬೇಡಿ ಎನ್ನುವ ನೋಟಿಸಿನಲ್ಲೇ ಲಿಂಕ್ ಇದ್ದರೆ ಜನ ಯಾವುದನ್ನು ನಂಬಬೇಕು? ವಿಳಾಸದ ಚುಕ್ಕೆಯನ್ನು ಆವರಣದೊಳಗೆ ಹಾಕಿದ್ದರಿಂದ ಅದು ಒತ್ತಿದರೆ ತೆರೆಯುವುದಿಲ್ಲ, ಓದಲು ಮಾತ್ರ ಬರುತ್ತದೆ. ಅಳಿಸಬೇಡಿ ಎಂದದ್ದು ಮೇಲ್‌ನ ಹೆಡರ್ ನನಗೆ ಬೇಕಿತ್ತು ಅಂತ. ಅದು ಯಾವ ಸರ್ವರ್‌ನಿಂದ ಹೊರಟು ಬಂತು ಎಂಬುದು ಅಲ್ಲಿರುತ್ತದೆ. ಸಾಮಾನ್ಯವಾಗಿ ಫಾರ್ವರ್ಡ್ ಮಾಡಿದರೆ ಆ ಮೂಲ ಹೆಡರ್ ಕಳೆದುಹೋಗುತ್ತದೆ. ಸಮಯ ಬರೆದದ್ದಕ್ಕೂ ಕಾರಣವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಫಿಶಿಂಗ್‌ನಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. ಆ ಲೆಕ್ಕ ನನ್ನ ತಲೆಯಲ್ಲಿತ್ತು.

ಗದಗ ಶಾಖೆಯಿಂದ ಮೊದಲ ಫೋನ್ ಬಂತು. "ಸರ, ನನ್ನ ಫೋನಿನ್ಯಾಗ ವಿಳಾಸಾನ ಕಾಣಂಗಿಲ್ಲ, ಎಚ್‌ಆರ್ ಅಂತಷ್ಟ ಐತಿ." ಮೊಬೈಲಿನ ಅನೇಕ ಮೇಲ್ ಆಪ್‌ಗಳು ಕಳಿಸಿದವರ ಹೆಸರನ್ನಷ್ಟೇ ತೋರಿಸಿ ವಿಳಾಸ ಮುಚ್ಚಿಡುತ್ತವೆ. ಸಾಮಾನ್ಯವಾಗಿ ಹೆಸರಿನ ಮೇಲೆ ಬೆರಳಿಟ್ಟರೆ ವಿಳಾಸ ಕಾಣುತ್ತದೆ. ಒಬ್ಬರು ಕೇಳಿದರೆ ಹತ್ತು ಜನಕ್ಕೆ ಅದೇ ಪ್ರಶ್ನೆ ಇರುತ್ತದೆ, ಹಾಗಾಗಿ ಆ ಒಂದು ಸಾಲನ್ನು ಗ್ರೂಪಿಗೂ ಹಾಕಿದೆ.

ಸ್ವಲ್ಪ ಹೊತ್ತಿಗೆ ಹಾವೇರಿಯಿಂದ ಬಂತು ನಾನು ಕಾಯುತ್ತಿದ್ದ ಫೋನ್. ಹುಡುಗ ಮೆಲ್ಲಗೆ ಹೇಳಿದ, "ಸರ, ನಾ ಪಾಸ್‌ವರ್ಡ್ ಕೊಟ್ಟೀನ್ರಿ." ಅವನು ಲೈನ್‌ನಲ್ಲಿರುವಾಗಲೇ ಪಾಸ್‌ವರ್ಡ್ ಬದಲಿಸಿದೆ. ಅಷ್ಟು ಸಾಲದು. ಆಗಲೇ ಒಳಗೆ ಬಂದವರು ಪಾಸ್‌ವರ್ಡ್ ಬದಲಾದರೂ ಸ್ವಲ್ಪ ಹೊತ್ತು ಒಳಗೇ ಉಳಿಯಬಹುದು. ಅದಕ್ಕೆ ಎಲ್ಲಾ ಸಾಧನಗಳಿಂದ ಲಾಗೌಟ್ ಮಾಡಿಸಿದೆ. ಆಮೇಲೆ ಮೇಲ್‌ಬಾಕ್ಸಿನ ರೂಲ್‌ಗಳನ್ನು ನೋಡಿದೆ. ಅಲ್ಲಿ ಅವನು ಮಾಡದ ಒಂದು ರೂಲ್ ಇತ್ತು: `invoice` ಎಂಬ ಪದವಿರುವ ಮೇಲ್ ಬಂದರೆ ಯಾರೂ ನೋಡದ ಫೋಲ್ಡರಿಗೆ ಹೋಗಬೇಕು. ಹಣದ ಮಾತುಕತೆಯನ್ನು ಖಾತೆಯವರಿಗೆ ಕಾಣದಂತೆ ಮಾಡಿ, ನಡುವೆ ಕೂತು ಬೇರೆ ಬ್ಯಾಂಕ್ ಖಾತೆ ನಂಬರ್ ಕಳಿಸುವುದು ಇವರ ದಾರಿ. ರೂಲಿನ ಚಿತ್ರ ತೆಗೆದಿಟ್ಟುಕೊಂಡು ಅಳಿಸಿದೆ. ಎರಡನೇ ಹಂತದ ದೃಢೀಕರಣಕ್ಕೆ ಹೊಸ ಫೋನ್ ನಂಬರ್ ಸೇರಿಸಿದ್ದಾರಾ ಎಂದೂ ನೋಡಿದೆ. ಸೇರಿಸಿರಲಿಲ್ಲ. ಕಳಿಸಿದ ಮೇಲ್‌ಗಳನ್ನೂ ನೋಡಿದೆ. ಗ್ರಾಹಕರಿಗೆ ಏನೂ ಹೋಗಿರಲಿಲ್ಲ.

1 ಗಂಟೆಗೆ ಹೇಳಿದಂತೆ ಎರಡನೇ ಮಾಹಿತಿ ಹಾಕಿದೆ: "ಒಂದು ಖಾತೆಯ ಪಾಸ್‌ವರ್ಡ್ ಹೋಗಿತ್ತು, ಅದನ್ನು ಭದ್ರ ಮಾಡಿದ್ದೇವೆ. ಆ ಮೇಲ್ ವಿಳಾಸ ತಡೆದಿದ್ದೇವೆ. ಬ್ಯಾಂಕ್ ಖಾತೆ ನಂಬರ್ ಬದಲಾಗಿದೆ ಎಂಬ ಮೇಲ್ ಯಾರಿಂದ ಬಂದರೂ, ನಿಮ್ಮ ಬಳಿ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳದೆ ಹಣ ಹಾಕಬೇಡಿ." ಯಾರ ಖಾತೆ ಎಂದು ಬರೆಯಲಿಲ್ಲ. ಹೆಸರು ಹಾಕಿದ್ದರೆ ಮುಂದಿನ ಸಲ ಯಾರೂ ಫೋನ್ ಮಾಡುತ್ತಿರಲಿಲ್ಲ.

ಒಂದು ವಿಳಾಸ ತಡೆದರೆ ಅದೊಂದೇ ನಿಲ್ಲುತ್ತದೆ. ಮರುದಿನ ಅದೇ ಮೇಲ್ ಬೇರೆ ವಿಳಾಸದಿಂದ ಬಂತು. ಈ ಸಲ ಗದಗದಿಂದ ಮೂಲ ಮೇಲ್ ಅಟ್ಯಾಚ್‌ಮೆಂಟ್ ಆಗಿಯೇ ನನಗೆ ತಲುಪಿತು, ಹೆಡರ್ ಸಮೇತ.