ಇಪ್ಪತ್ತು ಸೆಕೆಂಡಿನ ಅನ್ಯಾಯ: ನಮ್ಮ ಲೈವ್ ಕ್ವಿಜ್ ದಾರಿಗೆ ಬಂದ ಕಥೆ

ತುಮಕೂರಿನಲ್ಲಿ ಕೂತು ಯೂಟ್ಯೂಬಿನಲ್ಲಿ ಕನ್ನಡದ ಲೈವ್ ಕ್ವಿಜ್ ಮಾಡ್ತೀನಿ ಅಂದಾಗ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು. ಸಿನಿಮಾ ಪ್ರಶ್ನೆ ಇಲ್ಲದಿದ್ದರೆ ಯಾರೂ ನೋಡಲ್ಲ, ಬಹುಮಾನ ಲಕ್ಷದಲ್ಲಿ ಇಲ್ಲದಿದ್ದರೆ ಯಾರೂ ಆಡಲ್ಲ. ಈಗ ಶನಿವಾರ ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ ಇನ್ನೂರೈವತ್ತು ಜನ ಕೊನೆಯವರೆಗೂ ಕೂರ್ತಾರೆ. ಸಿನಿಮಾ ಪ್ರಶ್ನೆ ಒಂದೂ ಇಲ್ಲ, ದೊಡ್ಡ ಬಹುಮಾನ ಐನೂರು ರೂಪಾಯಿ. ಆದರೆ ಇಲ್ಲಿಗೆ ಬರೋ ಮೊದಲು ಹನ್ನೊಂದು ಶೋ ಕೆಟ್ಟವು, ಸುಮಾರು ಇಪ್ಪತ್ತೆಂಟು ಸಾವಿರ ಹೋಯಿತು. ಅದರಲ್ಲಿ ಲೈಟು, ಮೈಕಿಗೆ ಹೋದದ್ದು ಎಂಟೊಂಬತ್ತು ಸಾವಿರ ಮಾತ್ರ. ಮಿಕ್ಕಿದ್ದೆಲ್ಲ ತಪ್ಪು ಜನಕ್ಕೆ ಕೊಟ್ಟ ಬಹುಮಾನ ಮತ್ತು ಯಾರೂ ನೋಡದ ಜಾಹೀರಾತು.

ತಪ್ಪು ಜನ ಅಂದೆ, ಅದೇ ಮುಖ್ಯ ವಿಷಯ.

ಶುರುವಿನಲ್ಲಿ ಎಲ್ಲರೂ ಮಾಡೋ ಹಾಗೇ ಮಾಡಿದೆ. ಪ್ರಶ್ನೆ ಕೇಳೋದು, ಲೈವ್ ಚಾಟ್‌ನಲ್ಲಿ ಮೊದಲು ಸರಿ ಉತ್ತರ ಹಾಕಿದವರಿಗೆ ಬಹುಮಾನ. ನಾಲ್ಕೈದು ವಾರ ಅದೇ ಮೂರು ಹೆಸರು ಗೆದ್ದವು. ಮೂರೂ ಊರೊಳಗೆ ಫೈಬರ್ ಇಂಟರ್ನೆಟ್ ಇರೋ ಮನೆಗಳು. ನನಗೆ ಅನುಮಾನ ಬರಲಿಲ್ಲ, ಬುದ್ಧಿವಂತರು ಅಂದುಕೊಂಡೆ. ಕಣ್ಣು ತೆರೆಸಿದ್ದು ಪಾವಗಡದ ಹತ್ತಿರ ಹಳ್ಳಿಯಲ್ಲಿರೋ ನಮ್ಮ ಚಿಕ್ಕಮ್ಮ. ಶೋ ಮುಗಿದ ಮೇಲೆ ಫೋನ್ ಮಾಡಿ ಬೈದರು. "ಲೇ, ನೀನು ಗೆದ್ದೋರ ಹೆಸರು ಹೇಳೋ ಹೊತ್ತಿಗೆ ನನಗೆ ಪ್ರಶ್ನೆ ಕಾಣ್ತಾ ಇತ್ತು ಕಣೋ. ಉತ್ತರ ಮೊದಲು ಚಾಟಲ್ಲಿ ಬಂತು, ಪ್ರಶ್ನೆ ಆಮೇಲೆ ಬಂತು. ಇದೆಂಥ ಆಟ?"

ಮಾರನೇ ದಿನ ಅಳೆದು ನೋಡಿದೆ. ಸೆಕೆಂಡ್ ಮುಳ್ಳಿರೋ ಗೋಡೆ ಗಡಿಯಾರವನ್ನ ಕ್ಯಾಮೆರಾ ಮುಂದೆ ಇಟ್ಟು ಲೈವ್ ಬಿಟ್ಟೆ. ಮನೆ ವೈಫೈ ಮೇಲಿದ್ದ ಫೋನ್ ಏಳು ಸೆಕೆಂಡ್ ಹಿಂದೆ. ಶಿರಾ ಗೇಟ್ ಹತ್ತಿರ ಗೆಳೆಯನ ಮೊಬೈಲ್ ಡೇಟಾದಲ್ಲಿ ಹನ್ನೆರಡು. ಚಿಕ್ಕಮ್ಮನ ಫೋನ್ ಇಪ್ಪತ್ತಾರು, ಒಮ್ಮೆ ಮೂವತ್ತು ದಾಟಿತು. ಅಂದರೆ ನಾನು ನಡೆಸ್ತಾ ಇದ್ದದ್ದು ಜ್ಞಾನದ ಸ್ಪರ್ಧೆ ಅಲ್ಲ, ಟವರ್ ಹತ್ತಿರ ಯಾರ ಮನೆ ಇದೆ ಅನ್ನೋ ಸ್ಪರ್ಧೆ. ಹಳ್ಳಿ ಜನ ಎರಡು ವಾರ ನೋಡಿ ಸುಮ್ಮನೆ ಬಿಟ್ಟುಹೋಗಿದ್ದರು.

ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ ತೀರಾ ಕಡಿಮೆ ಲೇಟೆನ್ಸಿ, ಅಂದರೆ ಚಿತ್ರ ತಲುಪೋಕೆ ತೀರಾ ಕಡಿಮೆ ತಡ ಅನ್ನೋದನ್ನ ಆರಿಸಿದೆ. ಊರೊಳಗಿನವರಿಗೆ ಎರಡು ಮೂರು ಸೆಕೆಂಡಿಗೆ ಇಳಿಯಿತು, ಹಳ್ಳಿಯಲ್ಲಿ ಚಿತ್ರ ನಿಂತು ನಿಂತು ಬರೋಕೆ ಶುರುವಾಯಿತು. ಮುಂದಿನ ಚಿತ್ರವನ್ನ ಮೊದಲೇ ತುಂಬಿಟ್ಟುಕೊಳ್ಳೋ ಬಫರ್‌ಗೆ ಜಾಗವೇ ಇಲ್ಲದಿದ್ದರೆ ಸಿಗ್ನಲ್ ಸ್ವಲ್ಪ ಕುಂಟಿದರೂ ಚಕ್ರ ತಿರುಗುತ್ತೆ. ಅಂತರ ಕಡಿಮೆ ಆಗೋ ಬದಲು ಹೆಚ್ಚಾಯಿತು. ವಾಪಸ್ ಸಾಧಾರಣಕ್ಕೆ ಇಟ್ಟೆ, ಇವತ್ತಿಗೂ ಅಲ್ಲೇ ಇದೆ. ವೇಗಕ್ಕೆ ಬಹುಮಾನ ಕೊಡೋದನ್ನೇ ಬಿಡಬೇಕು ಅಂತ ಆಗ ತೀರ್ಮಾನ ಮಾಡಿದೆ.

ಮುಂದಿನ ಹೆಜ್ಜೆ ವಾಟ್ಸ್ಯಾಪ್. ಚಾಟ್‌ನಲ್ಲಿ ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುತ್ತೆ, ವಾಟ್ಸ್ಯಾಪ್‌ನಲ್ಲಿ ಕಾಣಲ್ಲ. ಒಂದು ಹಳೇ ಫೋನಿಗೆ ಬೇರೆ ಸಿಮ್ ಹಾಕಿ ನಂಬರ್ ಕೊಟ್ಟೆ. ಪ್ರತಿ ಪ್ರಶ್ನೆಗೂ ತೊಂಬತ್ತು ಸೆಕೆಂಡ್. ನೂರಿಪ್ಪತ್ತು ಜನ, ಐದು ಪ್ರಶ್ನೆ, ಆರುನೂರು ಮೆಸೇಜು. ಅಕ್ಕನ ಮಗ ಮತ್ತು ಅವನ ಇಬ್ಬರು ಸ್ನೇಹಿತರು ನೋಟ್‌ಬುಕ್ ಹಿಡಿದು ಕೂತರೂ ಮುಗಿಯಲಿಲ್ಲ. ಒಬ್ಬರು ಕನ್ನಡ ಲಿಪಿಯಲ್ಲಿ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಇನ್ನೊಬ್ಬರು ವಾಯ್ಸ್ ಮೆಸೇಜಲ್ಲಿ. ಗೆದ್ದವರನ್ನ ಮಾರನೇ ದಿನ ಮಧ್ಯಾಹ್ನ ಹೇಳಿದೆ. ಆ ಹೊತ್ತಿಗೆ ಯಾರಿಗೂ ಆಸಕ್ತಿ ಇರಲಿಲ್ಲ.

ಕೊನೆಗೆ ಹೊಳೆದದ್ದು ತುಂಬಾ ಸರಳ. ಐದು ಪ್ರಶ್ನೆಯನ್ನೂ ಕೇಳಿ ಮುಗಿಸೋದು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, 1ರಿಂದ 4. ಕೊನೆಯಲ್ಲಿ ಒಂದೇ ಮೆಸೇಜ್, ಐದು ಅಂಕಿ ಒತ್ತಾಗಿ, ನಡುವೆ ಜಾಗ ಬಿಡದೆ. ಸರಿ ಉತ್ತರ 2, 4, 1, 3, 3 ಆಗಿದ್ದರೆ `24133`. ಈಗ ವಾಟ್ಸ್ಯಾಪ್‌ನ ಹುಡುಕೋ ಪೆಟ್ಟಿಗೆಯಲ್ಲಿ ಆ ಐದು ಅಂಕಿ ಹಾಕಿದರೆ ಐದೂ ಸರಿ ಬರೆದವರು ಮಾತ್ರ ಸಾಲಾಗಿ ಎದ್ದು ನಿಲ್ತಾರೆ. ಮೂರು ಹುಡುಗರು ರಾತ್ರಿಯೆಲ್ಲ ಮಾಡ್ತಿದ್ದ ಕೆಲಸ ಹತ್ತು ಸೆಕೆಂಡ್. ಕಣ್ಣು ಮುಚ್ಚಿ ಅಂಕಿ ಹಾಕಿ ಗೆಲ್ಲೋಕೆ ಇರೋ ಅವಕಾಶ 1,024ಕ್ಕೆ ಒಂದು, ಆದ್ದರಿಂದ ಊಹೆಯ ಭಯವೂ ಇಲ್ಲ. ಓದು ಬರಹ ಅಷ್ಟಾಗಿ ಇಲ್ಲದ ಅಜ್ಜಿಯರು ಕೂಡ ಐದು ಅಂಕಿ ಒತ್ತಿ ಕಳಿಸ್ತಾರೆ.

ಬಾಗಿಲು ಮುಚ್ಚೋದು ಯಾವಾಗ ಅನ್ನೋದಕ್ಕೆ ಚಿಕ್ಕಮ್ಮನ ಫೋನನ್ನೇ ಗಡಿಯಾರ ಮಾಡಿಕೊಂಡೆ. ನಾನು ಸ್ಟುಡಿಯೋದಲ್ಲಿ ಗಂಟೆ ಹೊಡೀತೀನಿ. ಆ ಗಂಟೆ ಪಾವಗಡದಲ್ಲಿ ಕೇಳಿದ ಮೇಲೆ ಚಿಕ್ಕಮ್ಮ ಹದಿನೈದು ಎಣಿಸಿ ಆ ನಂಬರಿಗೆ "ಮುಗೀತು" ಅಂತ ಕಳಿಸ್ತಾರೆ. ಆ ಮೆಸೇಜಿನ ನಂತರ ಬಂದದ್ದು ಲೆಕ್ಕಕ್ಕಿಲ್ಲ. ವಾಟ್ಸ್ಯಾಪ್ ಸೆಕೆಂಡ್ ತೋರಿಸಲ್ಲ, ನಿಮಿಷ ಮಾತ್ರ ತೋರಿಸುತ್ತೆ, ಹಾಗಾಗಿ ಅದೇ ನಿಮಿಷದಲ್ಲಿ ಬಂದದ್ದನ್ನ ಆಡಿದವರ ಪರವಾಗಿ ಬಿಡ್ತೀನಿ. "ಮುಗೀತು" ಬರೋವರೆಗೆ ನಾನು ಒಂದು ಉತ್ತರವನ್ನೂ ಬಾಯಿ ಬಿಡಲ್ಲ, ಆದ್ದರಿಂದ ಅರ್ಧ ನಿಮಿಷ ತಡವಾದರೂ ಯಾರಿಗೂ ಲಾಭ ಇಲ್ಲ. ಎಲ್ಲಕ್ಕಿಂತ ನಿಧಾನದ ಫೋನಿಗೆ ನ್ಯಾಯ ಸಿಕ್ಕಿದರೆ ಉಳಿದವರಿಗೆ ತಾನಾಗಿ ಸಿಗುತ್ತೆ.

ಇದರಲ್ಲೂ ಒಬ್ಬ ತೂತು ಕಂಡುಹಿಡಿದ. ಮೊದಲು ಏನೋ ಒಂದು ಕಳಿಸಿ, ನಾನು ಉತ್ತರ ಹೇಳ್ತಾ ಹೋದ ಹಾಗೆ ಅದೇ ಮೆಸೇಜನ್ನ ತಿದ್ದಿದ. ವಾಟ್ಸ್ಯಾಪ್‌ನಲ್ಲಿ ಕಳಿಸಿದ ಮೇಲೆ ಹದಿನೈದು ನಿಮಿಷ ತಿದ್ದೋಕೆ ಬರುತ್ತೆ, ಸಮಯ ಮಾತ್ರ ಹಳೇದೇ ಇರುತ್ತೆ. ಬಹುಮಾನ ಕೊಟ್ಟ ಮೇಲೆ ಗೊತ್ತಾಯಿತು. ಈಗ ತೆರೆದು ನೋಡಿ, ಪಕ್ಕದಲ್ಲಿ "Edited" ಅಂತ ಇದ್ದರೆ ಆ ಮನೆ ಆ ವಾರ ಹೊರಗೆ. ಎರಡು ಉತ್ತರ ಕಳಿಸಿದವರದ್ದು ಮೊದಲನೆಯದೇ ಲೆಕ್ಕ.

ಗೂಗಲ್ ಕಾಟಕ್ಕೆ ಮದ್ದು ಪ್ರಶ್ನೆಯ ಕಟ್ಟುವಿಕೆಯಲ್ಲೇ ಇದೆ. "ಡಿವಿಜಿ ಹುಟ್ಟಿದ್ದು ಯಾವಾಗ" ಅಂದರೆ ಮೂರು ಸೆಕೆಂಡಲ್ಲಿ ಹುಡುಕ್ತಾರೆ. ಅದನ್ನೇ "ಇವರಲ್ಲಿ ಎಲ್ಲರಿಗಿಂತ ಹಿರಿಯರು ಯಾರು" ಅಂತ ಕೇಳಿ ಮಾಸ್ತಿ, ಡಿವಿಜಿ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ, ಎಚ್. ನರಸಿಂಹಯ್ಯ ಅಂತ ನಾಲ್ಕು ಹೆಸರು ಕೊಟ್ಟರೆ ನಾಲ್ಕು ಸಲ ಹುಡುಕಬೇಕು, ಅಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತೆ. 1887ರ ಡಿವಿಜಿ ಹಿರಿಯರು, ಮಾಸ್ತಿ ಅವರಿಗಿಂತ ನಾಲ್ಕು ವರ್ಷ ಚಿಕ್ಕವರು. ಅದೇ ಶೋದಲ್ಲಿ ಇನ್ನೊಂದು: ಕೆಆರ್‌ಎಸ್ ಕಟ್ಟೋಕೆ ಶುರು, ವಿಶ್ವೇಶ್ವರಯ್ಯ ದಿವಾನರಾದದ್ದು, ಬೆಂಗಳೂರಿನ ಬೀದಿಗೆ ಕರೆಂಟ್ ದೀಪ, ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ಕರೆಂಟ್, ಇದರಲ್ಲಿ ಯಾವುದು ಮೊದಲು? ಗಣಿಗೆ 1902ರಲ್ಲೇ ಬಂದಿತ್ತು, ಬೆಂಗಳೂರಿಗೆ 1905. ಇನ್ನೊಂದರಲ್ಲಿ ಶಿಂಷಾ, ಅರ್ಕಾವತಿ ಮತ್ತು ಎರಡು ಪಿನಾಕಿನಿಗಳನ್ನ ಇಟ್ಟು ನಂದಿ ಬೆಟ್ಟದ ಕಡೆ ಹುಟ್ಟದೇ ಇರೋದು ಯಾವುದು ಅಂತ ಕೇಳಿದೆ. ಶಿಂಷಾ ನಮ್ಮ ದೇವರಾಯನದುರ್ಗದ್ದು. ತುಮಕೂರಿನವರೇ ಅರ್ಧ ಜನ ತಪ್ಪಿದರು, ಚಿಕ್ಕಬಳ್ಳಾಪುರದವರು ನಕ್ಕರು. ಐದು ಪ್ರಶ್ನೆಯನ್ನ ಯಾವ ಕ್ರಮದಲ್ಲಿ ಇಟ್ಟರೆ ಜನ ನಡುವೆ ಎದ್ದು ಹೋಗಲ್ಲ ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನ ಇಲ್ಲಿ ಬರೆಯಲ್ಲ.

ಒಂದು ಪೆಟ್ಟು ಮಾತ್ರ ಮರೆಯಲಾರೆ. ವಿಶ್ವೇಶ್ವರಯ್ಯ ಹುಟ್ಟಿದ ವರ್ಷ ನೇರವಾಗಿ ಕೇಳಿದ್ದೆ, ಆಯ್ಕೆಯಲ್ಲಿ 1860, 1861 ಎರಡೂ ಇದ್ದವು. ಎರಡೂ ವರ್ಷ ಪುಸ್ತಕಗಳಲ್ಲಿ ಸಿಗುತ್ತೆ. ಮುದ್ದೇನಹಳ್ಳಿ ಕಡೆಯವರು ರಾತ್ರಿ ಹನ್ನೊಂದರವರೆಗೆ ಫೋನ್ ಮಾಡಿದರು. ಇಬ್ಬರಿಗೂ ಬಹುಮಾನ ಕೊಟ್ಟು ಮುಗಿಸಿದೆ. ಆಮೇಲಿಂದ ಎರಡು ಅಚ್ಚಾದ ಪುಸ್ತಕದಲ್ಲಿ ಒಂದೇ ಉತ್ತರ ಇಲ್ಲದಿದ್ದರೆ ಆ ಪ್ರಶ್ನೆ ಮುಟ್ಟಲ್ಲ.

ದುಡ್ಡಿನ ಮಾತು. ಒಂದು ಬಟ್ಟೆ ಅಂಗಡಿಯವರು ವಾರಕ್ಕೆ ಎರಡು ಸಾವಿರ ಕೊಡ್ತೀವಿ, ಒಂದು ಪ್ರಶ್ನೆ ನಮ್ಮ ಅಂಗಡಿ ಬಗ್ಗೆ ಇರಲಿ ಅಂದರು. ಒಪ್ಪಿದೆ. ಆ ಪ್ರಶ್ನೆ ಬಂದ ಕೂಡಲೇ ಎಂಬತ್ತು ಜನ ಎದ್ದುಹೋದದ್ದು ಪರದೆ ಮೇಲೇ ಕಾಣಿಸಿತು. ಮೂರು ವಾರಕ್ಕೆ ನಿಲ್ಲಿಸಿದೆ. ಈಗ ಇಬ್ಬರು ಸಣ್ಣ ವ್ಯಾಪಾರದವರು ಸೇರಿ ಸಾವಿರದ ಇನ್ನೂರು ಕೊಡ್ತಾರೆ, ಹೆಸರು ಬಹುಮಾನದ ಹೊತ್ತಲ್ಲಿ ಮಾತ್ರ. ಮೊದಲನೆಯವರಿಗೆ ಐನೂರು, ಮುಂದಿನ ಇಬ್ಬರಿಗೆ ಒಂದೊಂದು ಕನ್ನಡ ಪುಸ್ತಕ. ಪುಸ್ತಕ ಕೊಡೋದು ನಾನು ಚಂದನದಲ್ಲಿ ನಾ. ಸೋಮೇಶ್ವರ ಅವರು ನಡೆಸೋ "ಥಟ್ ಅಂತ ಹೇಳಿ"ಯಿಂದ ಕಲಿತದ್ದು. ಗೆದ್ದವರು ಆ ಪುಸ್ತಕ ಹಿಡಿದು ತೆಗೆದ ಫೋಟೋ ಊರೆಲ್ಲ ಸುತ್ತುತ್ತೆ, ಐನೂರರ ನೋಟು ಸುತ್ತಲ್ಲ. ಖರ್ಚು ಕಳೆದು ವಾರಕ್ಕೆ ಇನ್ನೂರು ಮುನ್ನೂರು ಉಳಿಯುತ್ತೆ. ಆಡೋಕೆ ದುಡ್ಡು ಮಾತ್ರ ಯಾವತ್ತೂ ಕೇಳಿಲ್ಲ, ಸ್ಪರ್ಧೆ ಉಚಿತ ಇರಬೇಕು ಅನ್ನೋದು ಯೂಟ್ಯೂಬಿನ ನಿಯಮವೂ ಹೌದು.

ನಡುವೆ ಹಾಡಿನ ಸ್ಪರ್ಧೆಯನ್ನೂ ಮಾಡಿ ನೋಡಿದೆ. ಮಕ್ಕಳು ಕರೋಕೆ ಟ್ರ್ಯಾಕ್ ಹಾಕಿ ಸಿನಿಮಾ ಹಾಡು ಹಾಡಿದರು, ಆರು ವಿಡಿಯೋಗೆ ಕಾಪಿರೈಟ್ ಕ್ಲೇಮ್ ಬಂದು ಅದರ ಆದಾಯ ಕೈತಪ್ಪಿತು. ಲೈಕ್ ಎಣಿಸಿ ಗೆಲ್ಲಿಸಿದಾಗ ನೆಂಟರು ಹೆಚ್ಚಿರೋ ಮನೆಯೇ ಗೆದ್ದಿತು. ಆಮೇಲೆ ಟ್ರ್ಯಾಕ್ ಇಲ್ಲದೆ ಸೋಬಾನೆ ಪದ, ತತ್ವಪದ ಮಾತ್ರ ಅಂತ ಮಾಡಿದೆ. ಕೈವಾರದ ಕಡೆಯಿಂದ ಬಂದ ಒಬ್ಬ ತಾಯಿ ತಂಬೂರಿ ಹಿಡಿದು ಹಾಡಿದ ತಾತಯ್ಯನವರ ತತ್ವಪದ ನಮ್ಮ ಚಾನೆಲ್‌ನಲ್ಲಿ ಇವತ್ತಿಗೂ ಅತಿ ಹೆಚ್ಚು ಜನ ನೋಡಿದ್ದು. ತೀರ್ಪು ಕೊಡೋ ಸರಿಯಾದ ದಾರಿ ಸಿಕ್ಕಿಲ್ಲ, ಅದಕ್ಕೇ ಅದು ನಿಂತಿದೆ.

ಇನ್ನು ಒಂದೇ ಉಳಿದಿದೆ, ಸಮ ಆದಾಗ ಏನು. ಐದೂ ಸರಿ ಬರೆದವರು ವಾರಕ್ಕೆ ಎಂಟರಿಂದ ಹದಿನೈದು ಜನ ಇರ್ತಾರೆ. ಅವರನ್ನ ಬೇರೆ ಮಾಡೋಕೆ ಐದು ಅಂಕಿಯ ನಂತರ ಒಂದು ಜಾಗ ಬಿಟ್ಟು ಒಂದು ಅಂದಾಜು ಬರೆಯೋಕೆ ಹೇಳ್ತೀನಿ. ಅದರ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಯಾಕಂದರೆ ಅದು ಇನ್ನೂ ಹುಟ್ಟಿರಲ್ಲ. ಒಂದು ವಾರ ಒಂದು ಪಾವು ಹುಣಸೆ ಬೀಜ ಎಣಿಸಿದೆವು. ಇನ್ನೊಂದು ವಾರ ಚೇಳೂರು ಕಡೆಯಿಂದ ತಂದ ಹಲಸಿನ ಹಣ್ಣನ್ನ ಮೇಜಿನ ಮೇಲೆ ಇಟ್ಟು, ಒಳಗೆ ಎಷ್ಟು ತೊಳೆ ಇದೆ ಅಂತ ಕೇಳಿದೆ. "ಮುಗೀತು" ಬಂದ ಮೇಲೆ ಕ್ಯಾಮೆರಾ ಮುಂದೆ ಕೈಗೆ ಎಣ್ಣೆ ಹಚ್ಚಿಕೊಂಡು ಹಣ್ಣು ಬಿಡಿಸಿದೆವು, ಅಕ್ಕ ಒಂದೊಂದೇ ತೊಳೆ ಎಣಿಸಿ ತಟ್ಟೆಗೆ ಹಾಕಿದರು. ಇಪ್ಪತ್ತು ನಿಮಿಷ ಬೇರೇನೂ ನಡೆಯಲಿಲ್ಲ, ನೋಡ್ತಿದ್ದವರು ಕಡಿಮೆ ಆಗೋ ಬದಲು ಮುನ್ನೂರು ದಾಟಿದರು. ನೂರ ನಲವತ್ತಾರಕ್ಕೆ ನಿಂತಿತು. ಗೌರಿಬಿದನೂರು ಹತ್ತಿರದ ರೈತರೊಬ್ಬರು ನೂರ ನಲವತ್ತೈದು ಬರೆದಿದ್ದರು. ಫೋನ್ ಮಾಡಿದಾಗ ಅವರು ಹಾಲು ಕರೆದು ಆಗಷ್ಟೇ ಒಳಗೆ ಬಂದಿದ್ದರಂತೆ. ಅಂದಾಜು ಹೇಗೆ ಮಾಡಿದಿರಿ ಯಜಮಾನರೇ ಅಂತ ಕೇಳಿದೆ. "ಮೇಲಿನ ಮುಳ್ಳು ನೋಡ್ದೆ ಸ್ವಾಮಿ, ಮುಳ್ಳು ಅಗಲ ಇದ್ದರೆ ತೊಳೆ ಕಡಿಮೆ, ದಪ್ಪ" ಅಂದರು. ಅವರಿಗೆ ಬಹುಮಾನ ಬೇಡವಂತೆ, ಆ ಹಣ್ಣಿನ ಬೀಜ ಹತ್ತು ಕಳಿಸಿ ಅಂದರು. ಕಳಿಸಿದೆವು.