ನೀರಿನ ಲೋಟದ ಪರೀಕ್ಷೆ: ನಾನು ಒಂದೇ ಸಲ ಕೇಳುತ್ತೇನೆ

ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಅಂದ ಮನಶ್ಶಾಸ್ತ್ರಜ್ಞ ಪಿಯಾಜೆಯ ನೀರಿನ ಲೋಟದ ಪರೀಕ್ಷೆ ಮಕ್ಕಳನ್ನು ಪರೀಕ್ಷಿಸುವ ನಮಗೆಲ್ಲ ಬಾಯಿಪಾಠ. ಸಮ ನೀರಿರುವ ಎರಡು ಲೋಟಗಳಲ್ಲಿ ಒಂದರದ್ದನ್ನು ಎತ್ತರದ, ಸಪೂರ ಲೋಟಕ್ಕೆ ಸುರಿದು ಈಗಲೂ ಸಮ ಇದೆಯಾ ಅಂತ ಕೇಳುವುದು. ಮಗು ಎತ್ತರದ ಲೋಟದಲ್ಲೇ ಜಾಸ್ತಿ ಅಂದರೆ "ಕಾರ್ಯಪೂರ್ವ ಹಂತ", ಅಂದರೆ ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತೆ ಅನ್ನೋದು ಇನ್ನೂ ತಿಳಿಯದ ಹಂತ, ಅಂತ ಬರೆದು ಮುಗಿಸುತ್ತೇವೆ. ಹಾಗೆ ಹೇಳುವ ಮಕ್ಕಳಲ್ಲಿ ಕೆಲವರಿಗೆ ಸರಿ ಉತ್ತರ ಗೊತ್ತಿರುತ್ತದೆ, ಕೆಡಿಸುವುದು ನಮ್ಮ ಪ್ರಶ್ನೆ ಅಂತ ನಾನು ಅಂದಾಗ ಜೊತೆಯವರು ನಕ್ಕಿದ್ದರು. ಈಗ ಅವರೇ ಬಂದು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೊದಲು ದುಡ್ಡು ಸುರಿದಿದ್ದು ಸಾಮಾನಿಗೆ. ಸಂಬಳದ ದೊಡ್ಡ ಪಾಲು ನುಂಗಿದ ಗಾಜಿನ ಸೆಟ್ಟಿನಲ್ಲಿ ಅರ್ಧ ಒಡೆದೇ ಹೋಯಿತು. ಬಣ್ಣದ ನೀರು ಹಾಕಿದರೆ ಮಕ್ಕಳು ಬಣ್ಣದ ಮಾತೇ ಆಡಿದರು. ಉತ್ತರ ಮಾತ್ರ ಬದಲಾಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಅಗ್ಗದ ಪ್ಲಾಸ್ಟಿಕ್ ಲೋಟ.

ತೊಂದರೆ ಇದ್ದದ್ದು ಎರಡು ಸಲ ಕೇಳುವುದರಲ್ಲಿ. ಸುರಿಯುವ ಮೊದಲು "ಸಮ ಇದೆಯಾ?", ಸುರಿದ ಮೇಲೆ ಮತ್ತೆ ಅದೇ. ದೊಡ್ಡವರು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪು ಅಂತ ಮಗು ತಿಳಿಯುತ್ತದೆ, ಅಲ್ವಾ? ಜೊತೆಗೆ ನಾವೇ ಬೇಕಂತ ನೀರು ಸುರಿದಾಗ ಏನೋ ಬದಲಾಗಿದೆ ಅಂದುಕೊಳ್ಳುತ್ತದೆ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ತಾವೇ ಕೆಡಿಸುವ ಬದಲು ಒಂದು ತುಂಟ ಕರಡಿ ಬೊಂಬೆಯಿಂದ ಎರಡು ಸಮ ಬಿಲ್ಲೆಗಳ ಸಾಲುಗಳಲ್ಲಿ ಒಂದನ್ನು ಕೆಡಿಸಿದಾಗ ಸರಿ ಉತ್ತರ ಕೊಟ್ಟ ಮಕ್ಕಳು ಎಷ್ಟೋ ಜಾಸ್ತಿಯಾದರು.

ಹಾಗಾಗಿ ಎರಡು ಲೋಟಕ್ಕೂ ಸಮ ಆಗುವ ಹಾಗೆ ಮಗುವಿನ ಕೈಯಲ್ಲೇ ನೀರು ಹಾಕಿಸುತ್ತೇನೆ. ಆಮೇಲೆ "ಅಯ್ಯೋ, ಇದರ ಅಂಚು ಸೀಳಿದೆ, ಕೈ ಕುಯ್ಯುತ್ತೆ" ಅಂತ ಅದನ್ನು ಎತ್ತರದ ಲೋಟಕ್ಕೆ ಬಗ್ಗಿಸುತ್ತೇನೆ. ಸುರಿಯುವಾಗ ಮಾಡುವ ಇನ್ನೊಂದು ಸಣ್ಣ ಉಪಾಯ ನನ್ನಲ್ಲೇ ಇರಲಿ. ಪ್ರಶ್ನೆ ಒಂದೇ ಸಲ.

ಆದರೆ "ಸಮ" ಅಂದ ತಕ್ಷಣ ಪಾಸು ಮಾಡಬೇಡಿ. ಸೀಳಿದ ಲೋಟದ ಗಡಿಬಿಡಿಯಲ್ಲಿ ಮಗು ನೀರಿನ ಮಟ್ಟ ನೋಡಿಯೇ ಇರುವುದಿಲ್ಲ. ಅದಕ್ಕೇ ಕೆಣಕಬೇಕು. ಒಬ್ಬಳು ಹುಡುಗಿಗೆ, ಐದೂವರೆ ಇರಬೇಕು, "ಇನ್ನೊಬ್ಬ ಹುಡುಗ ಇದು ಎತ್ತರ ಇದೆ, ಇದರಲ್ಲೇ ಜಾಸ್ತಿ ಅಂದ" ಅಂದೆ. "ಇದು ಸಪೂರ ಇದೆಯಲ್ಲ, ಅದಕ್ಕೆ ಮೇಲೆ ಹೋಗಿದೆ. ವಾಪಸ್ ಹಾಕಿದರೆ ಅಷ್ಟೇ ಆಗುತ್ತೆ" ಅಂದಳು. ಹಳೆಯ ಪರೀಕ್ಷೆಯಲ್ಲಿ ಇವಳೇ ಫೇಲಾಗಿದ್ದಳು. ಅವಳ ಪಕ್ಕದ ಹುಡುಗ "ಹೌದು, ಜಾಸ್ತಿ" ಅಂತ ತಕ್ಷಣ ವಾಲಿದ. ಹಳೆಯ ಪರೀಕ್ಷೆಯಲ್ಲಿ ಫೇಲಾದವರಲ್ಲಿ ಸುಮಾರು ಮೂರರಲ್ಲೊಬ್ಬರು ಕೆಣಕಿದರೂ ಅಲುಗಲಿಲ್ಲ. ಮೂರೂವರೆಯವರು ಮಾತ್ರ ಹೇಗೆ ಕೇಳಿದರೂ ಎತ್ತರವನ್ನೇ ತೋರಿಸಿದರು. ಹಂತ ಅನ್ನೋದು ಪೂರ್ತಿ ಸುಳ್ಳಲ್ಲ.

ಸುಮ್ನೆ ಕುತೂಹಲಕ್ಕೆ ದೊಡ್ಡ ಮಕ್ಕಳಿಗೆ ಪಿಯಾಜೆಯದ್ದೇ ಇನ್ನೊಂದು ಪರೀಕ್ಷೆಯಾದ ಲೋಲಕವನ್ನೂ ಕೊಟ್ಟೆ. ತೂಗಾಟದ ವೇಗ ಯಾವುದರಿಂದ ಬದಲಾಗುತ್ತೆ ಅಂತ ಅವರೇ ಕಂಡುಹಿಡಿಯಬೇಕು. ಒಂಬತ್ತು ವರ್ಷದವರು ದಾರ ಗಿಡ್ಡ ಮಾಡಿ, ಅದೇ ಹೊತ್ತಿಗೆ ತೂಕವನ್ನೂ ಬದಲಿಸಿ, "ತೂಕದಿಂದಲೇ" ಅಂತ ಗಟ್ಟಿಯಾಗಿ ಹೇಳಿದರು. ಹದಿಮೂರರ ಒಬ್ಬಳು ತೂಕ ಹಾಗೇ ಇಟ್ಟು ದಾರವೊಂದನ್ನೇ ಬದಲಿಸಿದಳು. ಅದೇ ವಯಸ್ಸಿನ ಇನ್ನಿಬ್ಬರಿಗೆ ಅದು ಹೊಳೆಯಲೇ ಇಲ್ಲ. ಅಲ್ಲಿ ಪ್ರಶ್ನೆ ಬದಲಿಸಿದರೂ ಏನೂ ಗಿಟ್ಟಲಿಲ್ಲ.