ಪದಗಳು ಅವೇ, ಮೊತ್ತ ಮಾತ್ರ ಅರ್ಧ: ರಟ್ಟಿನ ಚೀಟಿಗಳಿಂದ ನಾನು ಕಲಿಸಿದ ಬಗೆ

ಕೆಲವು ಅನಂತ ಶ್ರೇಣಿಗಳಲ್ಲಿ ಪದಗಳ ಕ್ರಮ ಬದಲಿಸಿದರೆ ಮೊತ್ತವೂ ಬದಲಾಗುತ್ತದೆ ಎನ್ನುವುದು ರೀಮಾನ್ ಪ್ರಮೇಯ. ಮೊದಲ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಅದರ ಗೊಡವೆ ಬೇಡ, ಹೇಳಿಕೆ ಬರೆಸಿ ಮುಂದೆ ಹೋಗಿ ಎಂದು ನಮ್ಮ ವಿಭಾಗದ ಹಿರಿಯರು ಹೇಳುತ್ತಲೇ ಇದ್ದರು. ಈ ವರ್ಷ ಅವರಲ್ಲೇ ಒಬ್ಬರು ನನ್ನ ಚೀಟಿಗಳ ಕಟ್ಟನ್ನು ಎರವಲು ಕೇಳಿದರು. ಇನ್ನು ಬರೆಯಲು ಸಂಕೋಚವಿಲ್ಲ.

ಶ್ರೇಣಿ ಎಲ್ಲರಿಗೂ ಗೊತ್ತಿರುವುದೇ: 1 − 1/2 + 1/3 − 1/4 + … ಇದರ ಮೊತ್ತ ln 2, ಸುಮಾರು 0.693. ಒಂದು ಧನ ಪದಕ್ಕೆ ಎರಡು ಋಣ ಪದಗಳಂತೆ ಜೋಡಿಸಿದರೆ 1 − 1/2 − 1/4 + 1/3 − 1/6 − 1/8 + … ಆಗುತ್ತದೆ. ಹಲಗೆಯ ಮೇಲೆ ಸಾಧನೆಗೆ ಎರಡೇ ಸಾಲು ಸಾಕು. 1 − 1/2 ಎಂದರೆ 1/2, 1/3 − 1/6 ಎಂದರೆ 1/6. ಉಳಿಯುವುದು 1/2 − 1/4 + 1/6 − 1/8 + …, ಅಂದರೆ ಹಳೆಯ ಶ್ರೇಣಿಯ ಸರಿಯಾಗಿ ಅರ್ಧ. ಮಕ್ಕಳು ಮುದ್ದಾಗಿ ಬರೆದುಕೊಳ್ಳುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಪ್ರತಿ ವರ್ಷವೂ ಅದೇ ಮಾತು: "ಸರ್, ನೀವು ಋಣ ಪದಗಳನ್ನು ದುಪ್ಪಟ್ಟು ತೆಗೆದುಕೊಂಡಿದ್ದೀರಿ."

ಕಂಪ್ಯೂಟರ್ ಲ್ಯಾಬಿಗೂ ಕರೆದೊಯ್ದು ನೋಡಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಸಾವಿರಾರು ಪದ ಕೂಡಿಸಿದಾಗ 0.3465 ಬಂತು. ಯಂತ್ರ ದಶಾಂಶ ಕತ್ತರಿಸಿರಬೇಕು ಎಂದರು. ಬಳಿಕ ಒಂದೊಂದರಲ್ಲಿ ಶ್ರೇಣಿಯ ಒಂದೊಂದು ಪದವಿರುವ ಮುನ್ನೂರು ಚೀಟಿಗಳನ್ನು ಎರಡು ಬಣ್ಣದಲ್ಲಿ ಅಚ್ಚು ಹಾಕಿಸಿ ಲ್ಯಾಮಿನೇಟ್ ಮಾಡಿಸಿದೆ. ಒಂಬೈನೂರು ರೂಪಾಯಿಯ ಹತ್ತಿರ ಖರ್ಚಾಯಿತು, ಅದೂ ನನ್ನ ಜೇಬಿನಿಂದ. ಚೀಟಿಗಳು ಜಾರಿ ಬೆಂಚಿನ ಕೆಳಗೆ ಹೋದವು, ಅರ್ಧ ತರಗತಿ ಅವನ್ನು ಹೆಕ್ಕುವುದರಲ್ಲೇ ಮುಗಿಯಿತು. ಈಗಿರುವುದು ಹಳೆಯ ಕ್ಯಾಲೆಂಡರಿನ ರಟ್ಟಿನ ಮೂವತ್ತು ಚೀಟಿಗಳು. ಖರ್ಚು ಒಂದು ಸ್ಕೆಚ್ ಪೆನ್ನು.

ಈ ಮೂವತ್ತೇ ಸಾಕು ಎಂದು ತಿಳಿದದ್ದು ಪ್ರಶ್ನೆಯನ್ನು ತಿರುಗಿಸಿ ಹಾಕಿದ ಮೇಲೆ. ಹೊಸ ಮೊತ್ತ ಎಷ್ಟು ಎಂದು ಕೇಳುವುದನ್ನು ಬಿಟ್ಟು, ಹಳೆಯದಕ್ಕಿಂತ ಹೆಚ್ಚಾಗಿ ಮೇಜಿನ ಮೇಲೆ ಏನು ಬಿದ್ದಿದೆ ಎಂದು ಕೇಳತೊಡಗಿದೆ. ಇಬ್ಬರನ್ನು ಮುಂದೆ ಕರೆಯುತ್ತೇನೆ. ಒಬ್ಬಳು ಹಳೆಯ ಕ್ರಮದಲ್ಲಿ ಐದು ಧನ, ಐದು ಋಣ ಚೀಟಿ ಇಡುತ್ತಾಳೆ, ಮೊತ್ತ 0.6456. ಇನ್ನೊಬ್ಬ ಹೊಸ ಕ್ರಮದಲ್ಲಿ ಐದು ಧನ, ಹತ್ತು ಋಣ ಇಡುತ್ತಾನೆ. ಎರಡರಲ್ಲೂ ಇರುವುದನ್ನು ಪಕ್ಕಕ್ಕೆ ಸರಿಸಿದರೆ ಅವನ ಕಡೆ ಐದೇ ಚೀಟಿಗಳು ಹೆಚ್ಚು: 1/12, 1/14, 1/16, 1/18, 1/20. ಕೂಡಿಸಿದರೆ 0.3228. ಇದು ಅವಧಿಗೆ ಮುನ್ನವೇ ಕಟ್ಟಿದ ಕಂತು. ಹಳೆಯ ಕ್ರಮದವಳೂ ಈ ಐದನ್ನು ಮುಂದೆ ಇಡುತ್ತಾಳೆ, ನಿಜ; ಆದರೆ ಅಷ್ಟರಲ್ಲಿ ಇವನು ಇನ್ನೂ ಮುಂದಿನವನ್ನು ಇಟ್ಟಿರುತ್ತಾನೆ.

ಇನ್ನು ಐದರ ಬದಲು n ಗುಂಪು ಎನ್ನಿ. ಹೆಚ್ಚುವರಿ ಚೀಟಿಗಳು 1/(2n+2) ರಿಂದ 1/(4n) ವರೆಗೆ, ಒಟ್ಟು n. ಯಾವುದೂ 1/(4n) ಗಿಂತ ಚಿಕ್ಕದಲ್ಲ. ಹಾಗಾದರೆ ಅವುಗಳ ಮೊತ್ತ ಎಷ್ಟು ದೂರ ಹೋದರೂ 1/4 ಗಿಂತ ಕೆಳಗೆ ಇಳಿಯುವಂತಿಲ್ಲ! ಒಂದೊಂದು ಚೀಟಿಯೂ ಸವೆಯುತ್ತದೆ, ಕಂತು ಸವೆಯುವುದಿಲ್ಲ. ಹತ್ತು ಗುಂಪಿಗೆ ಅದು ಸುಮಾರು 0.334, ಕೊನೆಗೆ ಮುಟ್ಟುವುದು ½ ln 2, ಅಂದರೆ 0.3466. 0.693 ರಿಂದ ಅದನ್ನು ಕಳೆದರೆ ಉಳಿಯುವುದೂ ಅಷ್ಟೇ. ಯಾವ ಚೀಟಿಯೂ ಎರಡು ಸಲ ಬಂದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಹಿಂದಿನ ಬೆಂಚಿನ ದೂರು ಇಲ್ಲಿಗೆ ನಿಂತಿತು.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಅದೇ ಚೀಟಿಗಳ ಹಿಂಬದಿಯಲ್ಲಿ ವರ್ಗಗಳನ್ನು ಬರೆಸಿದೆ: 1 − 1/4 + 1/9 − 1/16 + … ಇಲ್ಲೂ ಹೆಚ್ಚುವರಿ ಚೀಟಿಗಳು n, ಆದರೆ ಪ್ರತಿಯೊಂದೂ 1/(4n²) ಗಿಂತ ಚಿಕ್ಕದು, ಒಟ್ಟು ಸೇರಿದರೂ 1/(4n) ಮೀರುವುದಿಲ್ಲ. ಕಂತು ಸೊನ್ನೆಯಾಗುತ್ತದೆ, ಮೊತ್ತ ಅಲುಗಾಡುವುದಿಲ್ಲ. ಋಣ ಚಿಹ್ನೆಗಳನ್ನು ತೆಗೆದರೆ ಮೊತ್ತಕ್ಕೆ ಮಿತಿಯೇ ಇಲ್ಲದಾಗುವ ಕಂಡಿಷನಲ್ ಕನ್ವರ್ಜೆನ್ಸ್, ತೆಗೆದರೂ ಮಿತಿಯಲ್ಲೇ ಉಳಿಯುವ ಆಬ್ಸಲ್ಯೂಟ್ ಕನ್ವರ್ಜೆನ್ಸ್, ಇವೆರಡರ ನಡುವಿನ ವ್ಯತ್ಯಾಸ ಒಂದೇ ರಟ್ಟಿನ ಎರಡು ಬದಿಯಲ್ಲಿ ಸಿಕ್ಕಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

ಆಮೇಲೆ ಬೇಕಾದ ಮೊತ್ತ ಕೇಳಿ ಎಂದು ಅವರಿಗೇ ಬಿಡುತ್ತೇನೆ. ಒಬ್ಬ 1.5 ಎಂದ. ಕಡಿಮೆಯಿದ್ದರೆ ಧನ, ಮೀರಿದರೆ ಒಂದು ಋಣ, ಇಷ್ಟೇ ನಿಯಮ. 1 + 1/3 + 1/5 ಗೆ 1.533, 1/2 ಕಳೆದರೆ 1.033, ಮತ್ತೆ 1/7 ರಿಂದ 1/15 ವರೆಗೆ ಐದು ಚೀಟಿ ಹಾಕಿದರೆ 1.522. ಧನ ಚೀಟಿಗಳ ಮೊತ್ತಕ್ಕೆ ಮಿತಿಯಿಲ್ಲದ್ದರಿಂದ ಪ್ರತಿ ಸಲವೂ ಗುರಿ ದಾಟಬಹುದು, ಚೀಟಿಗಳು ಚಿಕ್ಕದಾಗುವುದರಿಂದ ದಾಟುವ ಅಳತೆಯೂ ಕುಗ್ಗುತ್ತದೆ. ರೀಮಾನ್ 1854ರಲ್ಲಿ ಬರೆದದ್ದು ಇದನ್ನೇ. ಸೊನ್ನೆ ಬೇಕೆಂದವಳಿಗೆ ಒಂದು ಧನಕ್ಕೆ ನಾಲ್ಕು ಋಣ ಇಡು ಎಂದೆ. ನಾಲ್ಕೇ ಏಕೆ ಎಂದು ಕಂಡುಹಿಡಿಯಲು ನಾನು ಕೊಡುವ ಸುಳಿವೊಂದಿದೆ. ಮುಂದಿನ ಸೆಮಿಸ್ಟರಿನ ಮಕ್ಕಳೂ ಇದನ್ನು ಓದುತ್ತಾರಾದ್ದರಿಂದ ಇಲ್ಲಿ ಬರೆಯುವುದಿಲ್ಲ.